8:28ರ ಬಸ್ಸು 8:32ಕ್ಕೇ ಬರುತ್ತದೆಯೇ?

ಬಸ್ಸು ಎಲ್ಲಿದೆ ಎಂದು ತೋರಿಸುವ ಆ್ಯಪ್‌ನಲ್ಲಿ ಒಂದು ನಿಲ್ದಾಣವನ್ನು ಆರಿಸಿಕೊಂಡರೆ ಸಾಮಾನ್ಯವಾಗಿ ಎರಡು ವೇಳೆಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ: ವೇಳಾಪಟ್ಟಿಯ ಪ್ರಕಾರ 8:28, ಅಂದಾಜು 8:32. ನೋಡಿದವರು ಬಸ್ಸು ನಾಲ್ಕು ನಿಮಿಷ ತಡವಾಗಿದೆ, ಆದ್ದರಿಂದ ತಮಗೂ ನಾಲ್ಕು ನಿಮಿಷ ಬಿಡುವು ಸಿಕ್ಕಿತು ಎಂದುಕೊಳ್ಳುತ್ತಾರೆ. ವೇಳಾಪಟ್ಟಿಯ ದತ್ತಾಂಶವನ್ನೂ ಬಸ್ಸುಗಳಿಂದ ಬರುವ ಮಾಹಿತಿಯನ್ನೂ ತಾಳೆ ಹಾಕುವುದೇ ಕೆಲಸವಾಗಿರುವ ನಾನು ಈ ಎರಡು ಸಂಖ್ಯೆಗಳಲ್ಲಿ ಯಾವುದನ್ನೂ ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಅವೆರಡೂ ಎಲ್ಲಿಂದ ಬಂದವು ಎಂಬುದನ್ನು ಒಂದೇ ಉದಾಹರಣೆಯ ಮೂಲಕ ನೋಡೋಣ.

ಒಂದು ಮಾರ್ಗದ ಬಸ್ಸು ಮೊದಲ ನಿಲ್ದಾಣದಿಂದ 8:00ಕ್ಕೆ ಹೊರಡುತ್ತದೆ ಎಂದುಕೊಳ್ಳಿ. ಎಂಟನೆಯ ನಿಲ್ದಾಣಕ್ಕೆ ಅದು 8:18ಕ್ಕೆ ತಲುಪಿ, ಎರಡು ನಿಮಿಷ ನಿಂತು 8:20ಕ್ಕೆ ಹೊರಡಬೇಕು. ಹದಿನಾರನೆಯ ನಿಲ್ದಾಣವನ್ನು 8:40ಕ್ಕೆ ಸೇರಬೇಕು. ವೇಳಾಪಟ್ಟಿ ರೂಪಿಸುವವರು ನಿಜವಾಗಿ ನಿಗದಿ ಮಾಡುವುದು ಇಂತಹ ಕೆಲವೇ ನಿಲ್ದಾಣಗಳ ವೇಳೆಯನ್ನು. ಇವುಗಳನ್ನು ಟೈಮ್‌ಪಾಯಿಂಟ್ ಎನ್ನುತ್ತಾರೆ. ಬೇಗ ಬಂದ ಬಸ್ಸು ಇಲ್ಲಿ ತನ್ನ ವೇಳೆಯಾಗುವವರೆಗೆ ಕಾಯಬೇಕು. ನಡುವಿನ ನಿಲ್ದಾಣಗಳ ವೇಳೆಯನ್ನು ಬಹಳ ಕಡೆ ದೂರದ ಲೆಕ್ಕದಿಂದ ತುಂಬಿಸಲಾಗುತ್ತದೆ. ನೀವು ಕಾಯುವುದು ಹನ್ನೊಂದನೆಯ ನಿಲ್ದಾಣದಲ್ಲಿ. ಎಂಟರಿಂದ ಹದಿನಾರರವರೆಗಿನ 5 ಕಿಲೋಮೀಟರಿಗೆ 20 ನಿಮಿಷ. ನಿಮ್ಮ ನಿಲ್ದಾಣ 2 ಕಿಲೋಮೀಟರಿನಲ್ಲಿದೆ. ಹಾಗಾದರೆ 8 ನಿಮಿಷ. ಆ 8:28 ಹುಟ್ಟಿದ್ದು ಹೀಗೆ. ಅನೇಕ ಸಾರಿಗೆ ಸಂಸ್ಥೆಗಳು ಬಳಸುವ ಜಿಟಿಎಫ್‌ಎಸ್ ಎಂಬ ದತ್ತಾಂಶ ಮಾದರಿಯಲ್ಲಿ ಇದನ್ನು ಒಪ್ಪಿಕೊಳ್ಳುವುದಕ್ಕೆಂದೇ ಜಾಗವಿದೆ: stop_times.txt ಕಡತದ timepoint ಎಂಬ ಅಂಕಣದಲ್ಲಿ 1 ಎಂದಿದ್ದರೆ ವೇಳೆ ನಿಖರ, 0 ಎಂದಿದ್ದರೆ ಅಂದಾಜು. ಪ್ರಯಾಣಿಕರಿಗೆ ಈ ವ್ಯತ್ಯಾಸವನ್ನು ತೋರಿಸುವ ಆ್ಯಪ್‌ಗಳು ವಿರಳವಾಗಿರುವುದು ದುರದೃಷ್ಟಕರ.

ಈಗ ಎಂಟನೆಯ ಮತ್ತು ಹನ್ನೊಂದನೆಯ ನಿಲ್ದಾಣಗಳ ನಡುವೆ ಒಂದು ದಟ್ಟಣೆಯ ವೃತ್ತವಿದೆ ಎಂದು ಸೇರಿಸಿಕೊಳ್ಳಿ. ಕೆಲಸದ ದಿನಗಳ ಬೆಳಿಗ್ಗೆ ಆ 2 ಕಿಲೋಮೀಟರಿಗೆ 11 ನಿಮಿಷ ಬೇಕು, ಉಳಿದ 3 ಕಿಲೋಮೀಟರಿಗೆ 9 ನಿಮಿಷ ಸಾಕು. ಒಟ್ಟು ಇಪ್ಪತ್ತೇ ಆಗುವುದರಿಂದ ಎರಡೂ ಟೈಮ್‌ಪಾಯಿಂಟ್‌ಗಳಲ್ಲಿ ಬಸ್ಸು ವೇಳೆಗೆ ಸರಿಯಾಗಿಯೇ ಇರುತ್ತದೆ, ಸಂಸ್ಥೆಯ ದಾಖಲೆಯಲ್ಲೂ ಯಾವ ಲೋಪ ಕಾಣುವುದಿಲ್ಲ; ಆದರೆ ನಿಮ್ಮ ನಿಲ್ದಾಣಕ್ಕೆ ಅದು ದಿನವೂ 8:31ಕ್ಕೆ ಬರುತ್ತದೆ. ಪ್ರತಿದಿನ ಒಂದೇ ಪ್ರಮಾಣದಲ್ಲಿ ಆಗುವ ತಡ ಬಸ್ಸಿನದಲ್ಲ, ವೇಳಾಪಟ್ಟಿಯದು.

ಇನ್ನು ಅಂದಾಜು ವೇಳೆಗೆ ಬರೋಣ. ಬಸ್ಸಿನಲ್ಲಿರುವ ಜಿಪಿಎಸ್ ಸಾಧನ ಕೆಲವು ಸೆಕೆಂಡುಗಳಿಗೊಮ್ಮೆ ಬಸ್ಸಿರುವ ಜಾಗವನ್ನು ಕಳುಹಿಸುತ್ತದೆ. ಅದು ಯಾವ ಟ್ರಿಪ್ಪಿನ ಬಸ್ಸು ಎಂದು ಗುರುತಿಸಿ, ಈಗಷ್ಟೇ ದಾಟಿದ ನಿಲ್ದಾಣದಲ್ಲಿ ಎಷ್ಟು ತಡವಾಗಿತ್ತು ಎಂದು ವ್ಯವಸ್ಥೆ ಲೆಕ್ಕ ಹಾಕುತ್ತದೆ. ಅತ್ಯಂತ ಸರಳ ವಿಧಾನವೆಂದರೆ, ಅದೇ ತಡವನ್ನು ಮುಂದಿನ ಎಲ್ಲ ನಿಲ್ದಾಣಗಳ ವೇಳೆಗೆ ಕೂಡಿಸುವುದು. ಜಿಟಿಎಫ್‌ಎಸ್‌ನ ರಿಯಲ್‌ಟೈಮ್ ಭಾಗದ ನಿಯಮವೂ ಅದೇ: ಒಂದು ನಿಲ್ದಾಣಕ್ಕೆ ಕೊಟ್ಟ ತಡವು, ಮುಂದೆ ಬೇರೆ ಮಾಹಿತಿ ಸಿಗುವವರೆಗೆ, ನಂತರದ ನಿಲ್ದಾಣಗಳಿಗೂ ಅನ್ವಯವಾಗುತ್ತದೆ. ನಮ್ಮ ಬಸ್ಸು ಐದನೆಯ ನಿಲ್ದಾಣದಲ್ಲಿ ನಾಲ್ಕು ನಿಮಿಷ ತಡ. ಆದ್ದರಿಂದ ನಿಮ್ಮ ಪರದೆಯ ಮೇಲೆ 8:32.

ಮುಂದೇನಾಗುತ್ತದೆ? ಬಸ್ಸು ಎಂಟನೆಯ ನಿಲ್ದಾಣವನ್ನು 8:18ರ ಬದಲು 8:22ಕ್ಕೆ ಮುಟ್ಟುತ್ತದೆ. ಅಲ್ಲಿ ಎರಡು ನಿಮಿಷ ನಿಲ್ಲುವ ಅಗತ್ಯ ಈಗ ಇಲ್ಲ. ಜನರನ್ನು ಹತ್ತಿಸಿಕೊಂಡು ಚಾಲಕರು ಕೂಡಲೇ ಹೊರಡುತ್ತಾರೆ. ತಡ ಹೆಚ್ಚುಕಡಿಮೆ ಎರಡು ನಿಮಿಷಕ್ಕೆ ಇಳಿಯುತ್ತದೆ, ಪರದೆಯ 8:32 ಒಮ್ಮೆಲೇ 8:30 ಆಗುತ್ತದೆ. ನಂತರ ವೃತ್ತದಲ್ಲಿ ಬಸ್ಸು ಸಿಕ್ಕಿಕೊಂಡಂತೆ ಅಂದಾಜು 8:31, 8:32 ಎಂದು ತೆವಳುತ್ತಾ ಹೋಗಿ, ಕೊನೆಗೆ ಬಸ್ಸು ಬರುವುದು 8:33ಕ್ಕೆ. ಅದೇ ರಜೆಯ ದಿನವಾಗಿ, ವೃತ್ತ ಖಾಲಿಯಿದ್ದರೆ? ಬಸ್ಸು ನಿಜವಾಗಿಯೂ 8:30ಕ್ಕೆ ಬಂದು ಹೋಗುತ್ತದೆ, 8:32ನ್ನು ನಂಬಿ ನಿಧಾನವಾಗಿ ನಡೆದು ಬಂದವರು ಅದನ್ನು ತಪ್ಪಿಸಿಕೊಳ್ಳುತ್ತಾರೆ.

ಆದ್ದರಿಂದ ಬಸ್ಸು ಇನ್ನೂ ದೂರದಲ್ಲಿರುವಾಗ ಕಾಣುವ ತಡವನ್ನು ಪೂರ್ತಿಯಾಗಿ ಬಳಸಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮತ್ತು ಬಸ್ಸಿನ ನಡುವೆ ಒಂದು ಟೈಮ್‌ಪಾಯಿಂಟ್ ಉಳಿದಿದ್ದರೆ ಆ ತಡ ಅಲ್ಲಿ ಕರಗಬಹುದು. ಬಸ್ಸು ಅದನ್ನು ದಾಟಿದ ಮೇಲೆ ತೋರುವ ವೇಳೆ ಹೆಚ್ಚು ಭರವಸೆಯದು. ಟೈಮ್‌ಪಾಯಿಂಟ್ ಎಲ್ಲಿದೆಯೆಂದು ಆ್ಯಪ್ ಹೇಳದಿದ್ದರೂ ಕಂಡುಹಿಡಿಯುವುದು ಕಷ್ಟವೇನಲ್ಲ: ವೇಳೆಗಿಂತ ಮುಂದಿರುವ ಬಸ್ಸು ದಿನವೂ ಯಾವ ನಿಲ್ದಾಣದಲ್ಲಿ ಸುಮ್ಮನೆ ನಿಲ್ಲುತ್ತದೋ ಅದೇ. ಪರದೆಯಲ್ಲಿ “3 ನಿಮಿಷ” ಎಂಬುದು ಮೂರು ನಿಮಿಷ ಕಳೆದರೂ ಮೂರಾಗಿಯೇ ಉಳಿಯುವ ಜಾಗವೊಂದು ಇದ್ದರೆ, ಅಲ್ಲಿನ ದಟ್ಟಣೆಯನ್ನು ಆ ವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ತಿಳಿಯಬಹುದು. ಹಿಂದಿನ ದಿನಗಳ ಓಟದ ಅವಧಿಯನ್ನು ಬಳಸುವ ವ್ಯವಸ್ಥೆಯಾಗಿದ್ದರೆ, ಬಸ್ಸು ಎಂಟನೆಯ ನಿಲ್ದಾಣವನ್ನು ಬಿಟ್ಟ ಕೂಡಲೇ ಅದು 8:33 ಎಂದೇ ತೋರಿಸುತ್ತಿತ್ತು.

ಇಷ್ಟೂ ಮಾತು ಹೊರಟಾಗಿರುವ ಬಸ್ಸಿನ ಬಗ್ಗೆ. ಇನ್ನೂ ಹೊರಡದ ಬಸ್ಸಿನ ಅಂದಾಜು ಬೇರೆಯೇ ವಿಷಯ, ಮತ್ತು ನನ್ನ ಅನುಭವದಲ್ಲಿ ಅತ್ಯಂತ ದುರ್ಬಲವಾದದ್ದು ಅದೇ. ಅದೇ ಬಸ್ಸು ಹಿಂದಿನ ಟ್ರಿಪ್ಪನ್ನು 7:54ಕ್ಕೆ ಮುಗಿಸಿ, ಆರು ನಿಮಿಷ ನಿಂತು, 8:00ಕ್ಕೆ ಹೊರಡಬೇಕಿತ್ತು. ಅದು ಹತ್ತು ನಿಮಿಷ ತಡವಾಗಿ 8:04ಕ್ಕೆ ಬರಲಿದೆ ಎಂದಾದರೆ, ತಿರುಗಿಸಿಕೊಂಡು ಹೊರಡಲು ಎರಡೇ ನಿಮಿಷ ಸಾಕೆಂದರೂ 8:06ಕ್ಕೆ ಮೊದಲು ಅದು ಹೊರಡಲಾರದು. ಹಿಂದಿನ ಟ್ರಿಪ್ಪನ್ನು ಮುಂದಿನದಕ್ಕೆ ಜೋಡಿಸದ ವ್ಯವಸ್ಥೆಗೆ ಇದು ತಿಳಿಯುವುದಿಲ್ಲ. 7:55ರಲ್ಲಿ ನೋಡಿದವರಿಗೆ ಅದು ನಿಶ್ಚಿಂತೆಯಿಂದ 8:28 ಎನ್ನುತ್ತದೆ. ಅಂದಾಜು ವೇಳೆಯೂ ವೇಳಾಪಟ್ಟಿಯ ವೇಳೆಯೂ ಒಂದು ನಿಮಿಷವೂ ಹೆಚ್ಚುಕಡಿಮೆಯಿಲ್ಲದೆ ಹೊಂದಿಕೊಂಡಿದ್ದರೆ, ಬಸ್ಸು ಸಮಯಪಾಲನೆ ಮಾಡುತ್ತಿದೆ ಎನ್ನುವುದಕ್ಕಿಂತ, ಅಲ್ಲಿ ಅಂದಾಜೇ ಇಲ್ಲ ಎಂದು ಮೊದಲು ಶಂಕಿಸುವುದು ಒಳ್ಳೆಯದು. ನಕ್ಷೆಯನ್ನು ತೆರೆದು ನೋಡಿ: ನಿಮ್ಮ ಬಸ್ಸಿನ ಗುರುತು ಅಲ್ಲಿ ಕಾಣದಿದ್ದರೆ ಅಥವಾ ಅದು ಎದುರು ದಿಕ್ಕಿನಲ್ಲಿ ಇನ್ನೂ ಓಡುತ್ತಿದ್ದರೆ, ಪರದೆಯಲ್ಲಿರುವುದು ವೇಳಾಪಟ್ಟಿ ಮಾತ್ರ. ಗುರುತು ಕಂಡರೂ ಅದು ಎಷ್ಟು ಹೊತ್ತಿನ ಹಿಂದಿನದು ಎಂಬುದನ್ನು ಗಮನಿಸಬೇಕು; ಒಂದೂವರೆ ನಿಮಿಷಕ್ಕಿಂತ ಹಳೆಯ ಮಾಹಿತಿಯನ್ನು ಕಳುಹಿಸಬಾರದು ಎಂಬುದು ಈ ಕ್ಷೇತ್ರದ ಶಿಫಾರಸು.

ಕೊನೆಯದಾಗಿ, 8:28 ಕಳೆದ ಕೂಡಲೇ ಆ ಸಾಲು ಪಟ್ಟಿಯಿಂದಲೇ ಮಾಯವಾಗುವುದುಂಟು. ಬಸ್ಸು ಹೋಗಿಬಿಟ್ಟಿತೆಂದು ಜನ ಬೇಸರದಿಂದ ಆಟೋ ಕರೆಯುತ್ತಾರೆ. ನೇರ ಮಾಹಿತಿಯಿದ್ದ ಬಸ್ಸು, ಅಂದರೆ ನಿಮಿಷಗಳು ಎರಡು, ಒಂದು ಎಂದು ಇಳಿಯುತ್ತಾ ಬಂದು ನಂತರ ಅಳಿದ ಬಸ್ಸು, ಬಹುಪಾಲು ನಿಜವಾಗಿಯೂ ದಾಟಿ ಹೋಗಿರುತ್ತದೆ. ವೇಳಾಪಟ್ಟಿಯ ವೇಳೆ ಮಾತ್ರ ಇದ್ದ ಸಾಲು ಅಳಿದುದಕ್ಕೆ ಆ ಅರ್ಥವಿಲ್ಲ. ಟ್ರಿಪ್ ರದ್ದಾಗಿದ್ದರೂ, ಬಸ್ಸಿನ ಸಾಧನ ಆ ಟ್ರಿಪ್ಪಿಗೆ ಜೋಡಣೆಯಾಗಿಲ್ಲದಿದ್ದರೂ, ಬಸ್ಸು ಇನ್ನೂ ವೃತ್ತದಲ್ಲೇ ನಿಂತಿದ್ದರೂ ಆ ಸಾಲು ಅದೇ ಹೊತ್ತಿಗೆ ಅದೇ ರೀತಿ ಅಳಿಯುತ್ತದೆ. ಮುಂದಿನ ಬಸ್ಸು ದೂರವಿದ್ದರೆ ಇನ್ನೂ ಐದಾರು ನಿಮಿಷ ರಸ್ತೆಯ ಕಡೆಗೇ ಕಣ್ಣಿಟ್ಟಿರುವುದು ಲೇಸು.