ಚುಚ್ಚಿದ್ದಾರೋ ಇಲ್ಲವೋ, ಮೇಲಕ್ಕೆ ಸ್ಕ್ರಾಲ್ ಮಾಡಿ ನೋಡಿ

ಆಫೀಸಿನ ಜಗಳ ಹೊತ್ತು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವವರು ಒಂದೇ ಒಂದು ಸ್ಕ್ರೀನ್‌ಶಾಟ್ ತರುತ್ತಾರೆ. "ನೋಡಿ ಮೇಡಂ, ಗ್ರೂಪಿನಲ್ಲಿ ಎಲ್ಲರ ಮುಂದೆ ಹೀಗೆ ಹಾಕಿದ್ದಾರೆ. ಇದು ಚುಚ್ಚಿದ್ದೇ ಅಲ್ವಾ?" ಒಂದು ಮೆಸೇಜ್ ನೋಡಿ ಹೇಳೋಕೆ ಆಗಲ್ಲ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಏನು ಮಾಡಲಿ, ನಿಜಕ್ಕೂ ಆಗುವುದಿಲ್ಲ. ಅಮೆರಿಕದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ವ್ಯಂಗ್ಯವೋ ಗಂಭೀರವೋ ಎಂಬುದು ತಮ್ಮ ಇಮೇಲ್ ಓದಿದವರಿಗೆ ನೂರಕ್ಕೆ 78 ಸಲ ಗೊತ್ತಾಗುತ್ತದೆ ಎಂದು ಬರೆದವರು ನಂಬಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು 56 ಸಲ. ಸುಮ್ನೆ ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು.

ಹಾಗಾಗಿ ಫೋನ್ ಅವರ ಕೈಗೇ ಕೊಟ್ಟು ಮೇಲಕ್ಕೆ ಸ್ಕ್ರಾಲ್ ಮಾಡಿಸುತ್ತೇನೆ. ಆ ಮನುಷ್ಯ ಮಾಮೂಲಿಯಾಗಿ ಹೇಗೆ ಬರೆಯುತ್ತಾರೆ? ನಮ್ಮಲ್ಲಿ ಸಿಟ್ಟು ಬೈಗುಳಕ್ಕಿಂತ ಜಾಸ್ತಿ ಮರ್ಯಾದೆಯ ವೇಷದಲ್ಲಿ ಬರುತ್ತದೆ. ದಿನಾ "ಊಟ ಆಯ್ತಾ ಅಕ್ಕಾ" ಎನ್ನುವವರು ಇದ್ದಕ್ಕಿದ್ದಂತೆ "ತಾವು ದೊಡ್ಡವರು, ತಮಗೆ ನಾವೇನು ಹೇಳೋದು" ಎಂದರೆ ಅನುಮಾನ ಪಡಬಹುದು. ಆದರೆ ಗ್ರೂಪಿನಲ್ಲಿ ಬಾಸ್ ಇದ್ದರೆ ಎಲ್ಲರೂ ಬಹುವಚನಕ್ಕೆ ಏರುತ್ತಾರೆ. ಅದೇ ಗ್ರೂಪಿನಲ್ಲಿ ಉಳಿದವರ ಜೊತೆ ಹೇಗೆ ಮಾತಾಡಿದ್ದಾರೆ ಎಂದೂ ನೋಡಬೇಕು. ಎಲ್ಲರಿಗೂ "ತಾವು" ಎಂದಿದ್ದರೆ ಅದು ಬಾಸ್‌ಗೆ ತೋರಿಸಿದ ಮರ್ಯಾದೆ, ನಿಮಗೆ ಹಾಕಿದ ಚುಚ್ಚು ಅಲ್ಲ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಿಂದ ಡಿಸ್ಪ್ಯಾಚ್ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳು ಬಂದಿದ್ದಳು. (ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ.) ಮಾಲೀಕರೂ ಇರುವ ಗ್ರೂಪಿನಲ್ಲಿ ಅಕೌಂಟ್ಸ್‌ನವರು 8ನೇ ತಾರೀಕು ಹೀಗೆ ಹಾಕಿದ್ದರು: "ಡಿಸ್ಪ್ಯಾಚ್ ಮೇಡಂ ಪಾಪ ತುಂಬಾ ಬ್ಯುಸಿ. ಇನ್‌ವಾಯ್ಸ್ ಪಟ್ಟಿಗೆ ಈ ಸಲವೂ ನಾವೇ ಕಾಯ್ತೀವಿ, ಪರವಾಗಿಲ್ಲ." ಕೊನೆಗೊಂದು ಕೈಮುಗಿಯುವ ಚಿತ್ರ. ಮೇಲಕ್ಕೆ ಹೋದರೆ ಅವರು ಬೇರೆಯವರಿಗೆ ಬರೆದದ್ದೆಲ್ಲ ನೇರ: "ಪಿಒ ಕಾಪಿ ಕಳಿಸಿ", "ನಾಳೆ ಬೇಕು". ಇವಳಿಗೆ ಮಾತ್ರ ಪಾಪ, ಪರವಾಗಿಲ್ಲ. ಅದರಲ್ಲಿ ಯಾವಾಗ ಬೇಕು ಎಂಬುದೇ ಇಲ್ಲ. ಕೇಳುವುದಿದ್ದರೆ ಅವಳಿಗೇ ಫೋನ್ ಮಾಡಬಹುದಿತ್ತು. ಇದು ಬಹುಶಃ ಚುಚ್ಚೇ ಎಂದೆ. ಬಹುಶಃ ಎಂಬುದನ್ನು ಅವಳು ಕೇಳಿಸಿಕೊಳ್ಳಲಿಲ್ಲ ಬಿಡಿ.

ಅವಳ ಮೊದಲ ಉತ್ತರ ತಯಾರಾಗಿತ್ತು: "ಕೆಲವರ ಹಾಗೆ ಟೀ ಅಂಗಡೀಲಿ ಅರ್ಧ ದಿನ ಕಳೆಯೋಕೆ ನಮಗೆ ಟೈಮ್ ಇಲ್ಲ ಸಾರ್." ನನಗೆ ನಗು ಬಂತು, ಚೆನ್ನಾಗಿಯೇ ಬರೆದಿದ್ದಳು. ಆದರೆ ಇಂಥ ಮಾತಿಗೆ ಇಂಥದ್ದೇ ಉತ್ತರ ಕೊಟ್ಟರೆ ಅವರು "ತಮಾಷೆಗೆ ಹಾಕಿದ್ದೆ, ಯಾಕಮ್ಮಾ ಸಿಟ್ಟು" ಎನ್ನುತ್ತಾರೆ. ಎಲ್ಲರ ಕಣ್ಣಿಗೆ ಜಗಳಗಂಟಿ ಆಗುವುದು ಇವಳು. ನಾನು ಎಷ್ಟು ಸಲ ಹೇಳಿದರೂ ಜನಕ್ಕೆ ಹಿಡಿಸದ ಮಾತು ಇದೊಂದೇ: ಎಲ್ಲರ ಮುಂದೆ ಕೆಲಸಕ್ಕೆ ಮಾತ್ರ ಉತ್ತರ ಕೊಡಿ, ಧಾಟಿಯ ಮಾತು ಬೇರೆಯಾಗಿ ಆಗಲಿ. ಗ್ರೂಪಿನಲ್ಲಿ ಧಾಟಿಗೆ ಉತ್ತರ ಕೊಟ್ಟ ಕೂಡಲೇ ಪಟ್ಟಿಯ ವಿಷಯ ಹೋಗಿ ನಿಮ್ಮ ಸಿಟ್ಟೇ ವಿಷಯವಾಗುತ್ತದೆ. ಹಾಗಂತ ಹತ್ತು ಸಲ ಸಾರಿ ಕೇಳುವುದೂ ಬೇಡ. ತಪ್ಪೆಲ್ಲ ನನ್ನದೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ.

ಪಾಪ, ಬ್ಯುಸಿ, ಪರವಾಗಿಲ್ಲ ಎಲ್ಲ ಹೊಡೆದುಹಾಕಿ ನೋಡಿದೆವು. ಉಳಿದದ್ದು ಇನ್‌ವಾಯ್ಸ್ ಪಟ್ಟಿ. ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್, ಅಂದರೆ ಜಿಎಸ್‌ಟಿಆರ್-1, ತಿಂಗಳು ತಿಂಗಳು ಸಲ್ಲಿಸುವವರಿಗೆ 11ನೇ ತಾರೀಕು ಕೊನೆ, ಹಾಗಾಗಿ ಅವರ ಆತಂಕ ಸುಳ್ಳಲ್ಲ. ಅವಳು ಹಾಕಿದ್ದು ಇಷ್ಟು: "ಸಾರ್, ಪಟ್ಟಿ ಇವತ್ತು ಸಂಜೆ 5ಕ್ಕೆ ಕಳಿಸ್ತೀನಿ. ಎರಡು ಕ್ರೆಡಿಟ್ ನೋಟ್ ಬಾಕಿ ಇವೆ, ನಾಳೆ ಮಧ್ಯಾಹ್ನದೊಳಗೆ ಕೊಡ್ತೀನಿ." ಮಾಲೀಕರು ಹೆಬ್ಬೆರಳು ಒತ್ತಿದರು, ಅಲ್ಲಿಗೆ ಗ್ರೂಪಿನ ಕಥೆ ಮುಗಿಯಿತು.

ಧಾಟಿಯ ಮಾತನ್ನು ಮಾರನೇ ದಿನ ಅವರ ಟೇಬಲ್ ಹತ್ತಿರ ಹೋಗಿ ಆಡಿದಳು. "ಪಾಪ ಅಂತ ಹಾಕಿದ್ದು ನಂಗೆ ಚುಚ್ಚಿದ ಹಾಗಾಯ್ತು ಸಾರ್. ಲೇಟ್ ಆದ್ರೆ ನಂಗೇ ಒಂದು ಫೋನ್ ಮಾಡಿ." ಅವರು ಒಪ್ಪಲಿಲ್ಲ, ತಮಾಷೆ ಎಂದೇ ಹೇಳಿದರು. ಒಪ್ಪಿಸಲು ಹೋಗಬೇಡ ಎಂದು ಮೊದಲೇ ಹೇಳಿಟ್ಟಿದ್ದೆ. ನಿಮಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾದರೆ ಸಾಕು. ಮುಂದಿನ ತಿಂಗಳು ಫೋನ್ ಬಂತಂತೆ, ಸ್ವಲ್ಪ ಗೊಣಗಾಟದ ಜೊತೆಗೇ.

ಎಲ್ಲ ಕಡೆ ಹೀಗೆ ಸಲೀಸಾಗಿ ಆಗುತ್ತದೆ ಎನ್ನಲಾರೆ. ಮತ್ತೆ ಮತ್ತೆ ಹಾಕುತ್ತಿದ್ದರೆ ಗ್ರೂಪಿನಲ್ಲೇ "ಯಾವ ಪಟ್ಟಿ, ಎಷ್ಟು ಗಂಟೆಗೆ ಬೇಕು ಹೇಳಿ ಸಾರ್" ಎಂದು ಸಮಾಧಾನದಲ್ಲೇ ಕೇಳಿ, ಮೆಸೇಜ್‌ಗಳನ್ನು ತಾರೀಕು ಸಮೇತ ಇಟ್ಟುಕೊಳ್ಳಿ. ಜಾತಿ, ಮೈಬಣ್ಣದ ಮಾತು ಬಂದರೆ ಅದು ಧಾಟಿಯ ವಿಷಯವಲ್ಲ, ಮೇಲಿನವರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಲೈಂಗಿಕ ಅರ್ಥದ ಮಾತಾದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು, ಹೆಣ್ಣುಮಕ್ಕಳು ಅಲ್ಲಿಗೇ ಹೋಗಬಹುದು.