ಮಾರ್ಜಿನ್ ಅಂದರೆ ದಡಿ, ಲೇಸ್ ಅಲ್ಲ

"ಇಪ್ಪತ್ತು ಪರ್ಸೆಂಟ್ ಮಾರ್ಜಿನ್ ಹಾಕೇನ್ರಿ ಸರ, ಆದ್ರ ರೊಕ್ಕ ಕೈಯಾಗ ನಿಲ್ಲವಲ್ದು." ಬನಹಟ್ಟಿಯ ಮಗ್ಗದ ಮಾಲೀಕರೊಬ್ಬರು ಹೋದ ವಾರ ಹೇಳಿದ ಮಾತಿದು. ಈ ವರ್ಷ ಇದನ್ನು ಕೇಳಿದ್ದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಅವರು ಹಾಕಿದ್ದು ಮಾರ್ಜಿನ್ನೇ ಅಲ್ಲ.

ಮಾರ್ಜಿನ್ ಅನ್ನೋದು ಲ್ಯಾಟಿನ್‌ನಿಂದ ಬಂದ ಪದ. ಅಂಚು ಎಂದು ಅರ್ಥ. ಸೀರೆಯ ಭಾಷೆಯಲ್ಲಿ ಹೇಳಬೇಕೆಂದರೆ ದಡಿ. ದಡಿ ಎಲ್ಲಿರುತ್ತದೆ? ಸೀರೆಯ ಅಗಲದ ಒಳಗೇ. ಒಂದು ಸೀರೆಯ ಅಗಲ 45 ಇಂಚು, ಎರಡೂ ಕಡೆ ನಾಲ್ಕೂವರೆ ಇಂಚಿನ ದಡಿ ಅಂದುಕೊಳ್ಳಿ. ಒಡಲಿಗೆ ಉಳಿಯೋದು 36 ಇಂಚು. ದಡಿಯ ಪಾಲು ಎಷ್ಟು ಎಂದು ಕೇಳಿದರೆ 45ರಲ್ಲಿ 9, ಅಂದರೆ 20 ಪರ್ಸೆಂಟ್. 36ರಲ್ಲಿ 9 ಎಂದು ಯಾವ ನೇಕಾರರೂ ಹೇಳುವುದಿಲ್ಲ. ಇಡೀ ಸೀರೆ ಅಂದರೆ ಮಾರುವ ದರ, ಒಡಲು ಅಂದರೆ ಖರ್ಚು, ದಡಿ ಅಂದರೆ ಮಾರ್ಜಿನ್. ಖರ್ಚಿನ ಮೇಲೆ ಪರ್ಸೆಂಟ್ ಕಟ್ಟಿ ಹೊರಗಿನಿಂದ ಸೇರಿಸುವುದು ಆಮೇಲೆ ಹೊಲಿದ ಲೇಸ್ ಇದ್ದಂತೆ. ಅದರ ಹೆಸರು ಮಾರ್ಕಪ್. ಅದೂ ತಪ್ಪೇನಲ್ಲ, ಆದರೆ ಅದನ್ನು ಮಾರ್ಜಿನ್ ಅನ್ನಬೇಡಿ.

ಈಗ ಆ ಮಾಲೀಕರ ಕಾಸ್ಟ್ ಶೀಟ್‌ಗೆ ಬರೋಣ. ಅಂಕಿಗಳನ್ನು ಸುಲಭವಾಗಲಿ ಎಂದು ಸ್ವಲ್ಪ ದುಂಡಗೆ ಮಾಡಿದ್ದೇನೆ. ತಿಂಗಳ ಆರಂಭದಲ್ಲಿ 40,000 ರೂಪಾಯಿಯ ನೂಲು ಶಿಲ್ಕು ಇತ್ತು. ತಂದ ನೂಲು, ಅದರ ಲಾರಿ ಬಾಡಿಗೆ ಸೇರಿ 2,15,000. ತಿಂಗಳ ಕೊನೆಗೆ ಉಳಿದದ್ದು 30,000. ಹಾಗಾಗಿ ನೇಯ್ಗೆಗೆ ಹೋದದ್ದು 2,25,000 ರೂಪಾಯಿಯ ನೂಲು. ತಂದದ್ದನ್ನೆಲ್ಲ ಖರ್ಚು ಎಂದು ಬರೆದುಕೊಳ್ಳಬಾರದು. ಶಿಲ್ಕು ಅನ್ನೋದು ಮರಾಠಿಯ 'ಶಿಲ್ಲಕ್'ನ ನಂಟಿನ ಪದ, ನಮ್ಮ ಕಡೆ ನಗದಿಗೂ ಮಾಲಿಗೂ ನಡೆಯುತ್ತದೆ. ಮಾತಿನಲ್ಲಿ ದಿನಾ ಬರುತ್ತದೆ, ಲೆಕ್ಕದಲ್ಲಿ ಮಾತ್ರ ಮರೆತುಹೋಗುತ್ತದೆ.

ಕೂಲಿ, ಕರೆಂಟು, ಮಗ್ಗದ ರಿಪೇರಿ, ಶೆಡ್ ಬಾಡಿಗೆ ಎಲ್ಲ ಸೇರಿ 1,35,000. ಒಟ್ಟು 3,60,000 ಆಯಿತು. ಮಗ್ಗದ ಮೇಲೆ ಅರ್ಧ ನೇಯ್ದ ಮಾಲೂ ಇರುತ್ತದೆ ಅಲ್ವಾ? ಅದು ಆರಂಭದಲ್ಲಿ 20,000 ಇತ್ತು, ಕೊನೆಗೆ 30,000. ಮೊದಲನೆಯದನ್ನು ಕೂಡಿಸಿ, ಎರಡನೆಯದನ್ನು ಕಳೆಯಿರಿ. 3,50,000 ಉಳಿಯಿತು. ನೇಯ್ದಿಳಿಸಿದ ಸೀರೆ 1,000. ಒಂದಕ್ಕೆ 350.

ಕಾಲು ಜಾರುವುದು ಇದರ ಮುಂದೆ. ನೇಯ್ದದ್ದು 1,000, ಮಾರಿದ್ದು 900. ಹಳೆಯ 100 ಸೀರೆ ಇದ್ದವು, ಒಂದು 320ರಂತೆ 32,000. ಹಳೆಯವು ಮೊದಲು ಹೋದವು ಎಂದು ಹಿಡಿದರೆ, ಕೊನೆಗೆ ಕಪಾಟಿನಲ್ಲಿ ಉಳಿದ 200 ಸೀರೆ ಈ ತಿಂಗಳದ್ದೇ. ಅವಕ್ಕೆ 350ರಂತೆ 70,000. 3,50,000ಕ್ಕೆ 32,000 ಕೂಡಿಸಿ 70,000 ಕಳೆದರೆ 3,12,000. ಇದು ಮಾರಿದ 900 ಸೀರೆಯ ಖರ್ಚು. ದಲಾಲಿ, ಪಾರ್ಸೆಲ್‌ಗೆ ಹೋದ 12,000ವನ್ನು ಈಗ ಸೇರಿಸಬೇಕು. ಆ ಖರ್ಚು ಮಾರಿದ ಸೀರೆಗಳದ್ದು, ಕಪಾಟಿನಲ್ಲಿ ಇರೋ ಸೀರೆಗೆ ಅದರ ಒಂದು ರೂಪಾಯಿಯೂ ಅಂಟಬಾರದು. ಒಟ್ಟು 3,24,000, ಅದನ್ನು 900ರಿಂದ ಭಾಗಿಸಿ. ಸಾವಿರದಿಂದ ಅಲ್ಲ. ಸೀರೆಗೆ 360.

ಮಾಲೀಕರು ಇದರ ಮೇಲೆ 20 ಪರ್ಸೆಂಟ್ ಅಂತ 72 ಸೇರಿಸಿ 432ಕ್ಕೆ ಮಾರಿದರು. 432ರಲ್ಲಿ 72 ಅಂದರೆ 16.67 ಪರ್ಸೆಂಟ್ ಅಷ್ಟೇ. 20 ಪರ್ಸೆಂಟ್ ಮಾರ್ಜಿನ್ ಬೇಕಿದ್ದರೆ ದರದ 80 ಪರ್ಸೆಂಟ್ 360 ಆಗಬೇಕು. ಅಂದರೆ 360ನ್ನು 0.80ರಿಂದ ಭಾಗಿಸಬೇಕು. 450 ಬರುತ್ತದೆ, ಜಿಎಸ್‌ಟಿ ಬೇರೆ. ಸೀರೆಗೆ 18 ರೂಪಾಯಿ ಅಂತರ, 900 ಸೀರೆಗೆ 16,200. ಕೈಯಾಗ ನಿಲ್ಲದ ರೊಕ್ಕ ಅದೇ.

ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಾದರೆ 'ವೆಚ್ಚದ ಮೇಲೆ' ಅಥವಾ 'ಮಾರಾಟದ ಮೇಲೆ' ಎಂದು ಬರೆದಿರುತ್ತಾರೆ. ಪೇಟೆಯಲ್ಲಿ ಯಾರೂ ಬರೆಯುವುದಿಲ್ಲ, ಸುಮ್ನೆ 'ಇಪ್ಪತ್ತು' ಅನ್ನುತ್ತಾರೆ. ಮಾರ್ಕಪ್ 25 ಇದ್ದರೆ ಮಾರ್ಜಿನ್ 20 ಎಂದು ಮಾಲೀಕರಿಗೆ ಹೇಳಿದೆ. ಒಪ್ಪಲಿಲ್ಲ. "20 ಕೂಡಿಸಿದ್ದು 20 ಅಲ್ಲೇನ್ರಿ?" ಅಂದರು.

"ವ್ಯಾಪಾರಿ 20 ಪರ್ಸೆಂಟ್ ಡಿಸ್ಕೌಂಟ್ ಕೇಳಿದ್ರ ಕೊಡ್ತೀರೇನು?" ಅಂದೆ.

"ಲಾಭ ಬಿಟ್ರ ಅಸಲಿಗೆ ಬಂದಂಗಾತು" ಎನ್ನುತ್ತಾ ಕ್ಯಾಲ್ಕುಲೇಟರ್ ತೆಗೆದರು. 450ರಲ್ಲಿ 20 ಪರ್ಸೆಂಟ್ ಕಳೆದರು: ಸರಿಯಾಗಿ 360. 432ರಲ್ಲಿ ಕಳೆದರು: 345.60. ಮತ್ತೊಮ್ಮೆ ಒತ್ತಿ ನೋಡಿದರು.