ಬೊಳ್ಳಜ್ಜಿ ಹೆದರಿದಾಗ ಏನು ಮಾತಾಡುತ್ತಾಳೆ?

ಕಾರ್ಟೂನ್ ಸರಣಿಯ ಒಂದೊಂದು ಕಂತನ್ನು ಒಬ್ಬೊಬ್ಬರು ಬರೆದರೆ ಪಾತ್ರದ ಬಾಯಿ ಕಂತಿಗೊಂದು ಥರ ಆಗುತ್ತದೆ. ಅದನ್ನು ತಡೆಯಲು ಬರೆದಿಡುವುದೇ ಮಾತಿನ ಕೈಪಿಡಿ. ಉದಾಹರಣೆಗೆ ಒಂದು ಪಾತ್ರ ಕಟ್ಟೋಣ: ಕೊಡಗಿನ ಕಾಫಿ ತೋಟದಲ್ಲಿರುವ ಮುದಿ ಕೆಂದಳಿಲು, ಹೆಸರು ಬೊಳ್ಳಜ್ಜಿ.

'ಪ್ರೀತಿಯ ಅಜ್ಜಿ, ಸ್ವಲ್ಪ ಮುಂಗೋಪಿ' ಎಂದು ಬರೆದರೆ ಸಾಲದು. ಒಬ್ಬರಿಗೆ ಮುಂಗೋಪ ಅಂದರೆ ಕೂಗಾಟ, ಇನ್ನೊಬ್ಬರಿಗೆ ಮೌನ. ಗುಣದ ಬದಲು ಆಕೆ ಬಾಯಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಜೋಡಿ ಸಾಲು ಕೊಡಬೇಕು. ಮರಿ ಅಳಿಲು ಸಂಜೆ ಆದರೂ ಮನೆಗೆ ಬಂದಿಲ್ಲ ಅಂದುಕೊಳ್ಳಿ.

ಹೇಳುವುದಿಲ್ಲ: "ಅಯ್ಯೋ, ನನಗೆ ತುಂಬಾ ಭಯ ಆಗ್ತಿದೆ!"
ಹೇಳುತ್ತಾಳೆ: "ಮಳೆ ಬಿಟ್ಟಿಲ್ಲ. ಮೂರನೇ ತಟ್ಟೆ ಹಾಗೇ ಇದೆ."

ಇಷ್ಟಕ್ಕೇ ನಿಲ್ಲಿಸಿದರೆ ಮುಂದಿನವರು ಪ್ರತಿ ಹೆದರಿಕೆಗೂ ಮಳೆ ಸುರಿಸುತ್ತಾರೆ! ಆದ್ದರಿಂದ ಕಾರಣವನ್ನೂ ಬರೆಯಿರಿ: ಹೆದರಿದಾಗ ಆಕೆ ಭಯದ ಹೆಸರೆತ್ತುವುದಿಲ್ಲ, ಕಣ್ಣೆದುರು ಇರುವುದನ್ನು ಹೇಳುತ್ತಾಳೆ. ಈಗ ಜನವರಿಯ ಕೊಯ್ಲಿನ ಕಂತು ಬರೆಯುವವರೂ ದಾರಿ ಕಂಡುಕೊಳ್ಳುತ್ತಾರೆ: "ಕಣದಲ್ಲಿ ಕಾಫಿ ಹಾಗೇ ಬಿದ್ದಿದೆ, ಮುಚ್ಚೋರಿಲ್ಲ." ಮಾತು ಹೊಸದು, ಅಜ್ಜಿ ಅದೇ.

ನಮ್ಮ ಭಾಷೆಯಲ್ಲಿ ಜಾಸ್ತಿ ಎಡವಟ್ಟಾಗುವುದು ನೀನು-ನೀವು ವಿಷಯದಲ್ಲಿ. ಬೊಳ್ಳಜ್ಜಿ ಹೊರಗಿನವರಿಗೆಲ್ಲ 'ನೀವು' ಅನ್ನುತ್ತಾಳೆ. ಮನೆಯಲ್ಲಿ ಒಂದು ಸಲ ಊಟ ಮಾಡಿದರೆ ಅವತ್ತಿನಿಂದ 'ನೀನು'. ನಿಯಮ ಚೆನ್ನಾಗಿದೆ, ಆದರೆ ಲೆಕ್ಕ ಇಡದಿದ್ದರೆ ಕೆಟ್ಟಿತು. ನಾಲ್ಕನೇ ಕಂತಿನಲ್ಲಿ ಕಾಡುಪಾಪ ಉಂಡು ಹೋಗಿದ್ದರೆ ಏಳನೇ ಕಂತಿನ 'ನೀವು' ಕೇಳಿದ ಮಕ್ಕಳು ಇಬ್ಬರೂ ಜಗಳವಾಡಿದ್ದಾರೆ ಅಂದುಕೊಳ್ಳುತ್ತಾರೆ. ಹಾಗಾಗಿ ಯಾರಿಗೆ ಯಾವ ಕಂತಿನಿಂದ 'ನೀನು' ಎಂಬ ಪಟ್ಟಿ ಕೈಪಿಡಿಯ ಕೊನೆಗೆ ಇರಲಿ. ಅದನ್ನು ತಿದ್ದುವ ಅಧಿಕಾರ ಒಬ್ಬರಿಗೇ ಇರಲಿ.

ಕೊಡಗಿನ ಸೊಗಡು ಬೇಕು ಅಂತ ಸಿಕ್ಕ ಪದ ತುರುಕಬೇಡಿ. ಬೊಳ್ಳಜ್ಜಿ ಅಂದರೆ ಬೊಳ್ಳಮ್ಮ, ಅದು ಕೊಡವರಲ್ಲಿ ಇಡುವ ಹೆಸರು, ಕೊಡವರ ಭಾಷೆ ಕೊಡವ ತಕ್ಕ್. ಅವಳ ಬಾಯಲ್ಲಿ ಅಲ್ಲಿನ ಗೌಡರು ಆಡುವ ಅರೆಭಾಷೆಯ ಮಾತು ಬಂದರೆ ಮಡಿಕೇರಿಯ ಮಕ್ಕಳೇ ನಗುತ್ತಾರೆ. ಕೊಡವ ತಕ್ಕಿನ ಕೆಲವೇ ಪದ ಆರಿಸಿ, ಅದನ್ನಾಡುವವರಿಂದ ಓದಿಸಿ, ಸಂದರ್ಭದಿಂದಲೇ ಅರ್ಥವಾಗುವ ಕಡೆ ಮಾತ್ರ ಬಳಸಿ. ಪದೇಪದೇ ಬರುವ ಮಾತು, ಅದೇ 'ತಕಿಯಾ ಕಲಾಂ', ಅದಕ್ಕೂ ಮಿತಿ ಹಾಕಿ. ಕಂತಿಗೆ ಒಂದು ಸಲ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕೈಪಿಡಿ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಹೊಸ ಸ್ಕ್ರಿಪ್ಟಿನಲ್ಲಿ ಪಾತ್ರಗಳ ಹೆಸರು ಮುಚ್ಚಿ ಗಟ್ಟಿಯಾಗಿ ಓದಿ. ಅಜ್ಜಿಯ ಸಾಲು ಕಾಡುಪಾಪನಿಗೂ ಒಪ್ಪಿದರೆ ಆ ಸಾಲು ಇನ್ನೂ ಯಾರದೂ ಆಗಿಲ್ಲ. ಇನ್ನು ಡಬ್ಬಿಂಗ್ ಕೋಣೆಯಲ್ಲಿ ದನಿ ಕೊಡುವವರು ಬದಲಿಸಿದ ಸಾಲು ಮೂಲಕ್ಕಿಂತ ಚೆನ್ನಾಗಿದ್ದರೆ ಸುಮ್ನೆ ಬಿಡಬೇಡಿ. ಅವತ್ತೇ ಜೋಡಿ ಸಾಲುಗಳ ಪಟ್ಟಿಗೆ ಸೇರಿಸಿ, ಹಳೆಯ ಸಾಲನ್ನು ಹೊಡೆದುಹಾಕಿ.